ಹೆಸರಲ್ಲಿ ‘ಪ್ರೈವೇಟ್’ ಇದ್ರೆ ಸಾಲದು

ಪ್ಲೇಸ್‌ಮೆಂಟ್ ಸೀಸನ್ ಶುರುವಾದಾಗ ಬರೋ ಕಂಪನಿಗಳ ಪೂರ್ತಿ ಹೆಸರನ್ನ ನಾವ್ಯಾರೂ ಓದೋದಿಲ್ಲ. ಪ್ಯಾಕೇಜ್ ಎಷ್ಟು, ಬಾಂಡ್ ಇದೆಯಾ, ಬ್ಯಾಕ್‌ಲಾಗ್ ಇದ್ದವರನ್ನ ಕೂರಿಸ್ತಾರಾ, ಅಷ್ಟೇ ನಮ್ಮ ವಿಚಾರಣೆ. ಈ ಸಲ ಹೆಸರಿನ ಕೊನೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಕೆಲವು ಹೆಸರಿಗೆ ‘ಪ್ರೈವೇಟ್ ಲಿಮಿಟೆಡ್’ ಅನ್ನೋ ಬಾಲ ಇರುತ್ತೆ, ಕೆಲವಕ್ಕೆ ಬರೀ ‘ಲಿಮಿಟೆಡ್’. ಈ ಒಂದು ಪದದ ವ್ಯತ್ಯಾಸ ಏನು ಅಂತ ಕ್ಯಾಂಪಸ್‌ನಲ್ಲಿ ಕೇಳಿದ್ರೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಪಬ್ಲಿಕ್ ಅಂದ್ರೆ ಸರ್ಕಾರದ್ದು. ಪಬ್ಲಿಕ್ ಅಂದ್ರೆ ಶೇರು ಮಾರ್ಕೆಟ್ಟಿನಲ್ಲಿ ಇರೋದು. ಪ್ರೈವೇಟ್ ಅಂದ್ರೆ ಸಣ್ಣದು. ಮೂರೂ ತಪ್ಪು.

ಮೊದಲನೆಯದು ನಮ್ಮ ಭಾಷೆಯೇ ತಂದಿಟ್ಟ ಗೊಂದಲ. ‘ಸಾರ್ವಜನಿಕ ವಲಯ’ ಅಂತ ಶಾಲೆಯಲ್ಲಿ ಓದಿ ಓದಿ, ಪಬ್ಲಿಕ್ ಅಂದ ಕೂಡಲೇ ಎಚ್‌ಎಎಲ್, ಬಿಇಎಲ್ ನೆನಪಾಗುತ್ತೆ. ಆದರೆ ಕಂಪನಿ ಕಾನೂನಿನಲ್ಲಿ ಸರ್ಕಾರಿ ಕಂಪನಿ ಅನ್ನೋದೇ ಬೇರೆ ವಿಂಗಡಣೆ. ಬಂಡವಾಳದಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಷ್ಟು ಸರ್ಕಾರದ್ದಾಗಿದ್ರೆ ಅದು ಸರ್ಕಾರಿ ಕಂಪನಿ. ಇನ್ಫೋಸಿಸ್ ಪಬ್ಲಿಕ್ ಕಂಪನಿ, ಅದರಲ್ಲಿ ಸರ್ಕಾರದ ಮಾಲೀಕತ್ವ ಇಲ್ಲ. ಎರಡನೆಯ ಉತ್ತರಕ್ಕೆ ನಮ್ಮ ಹಾಸ್ಟೆಲ್‌ನಲ್ಲೇ ಸಾಕ್ಷಿ ಇದೆ. ಶೇರು ಕೊಳ್ಳೋಕೆ ಶುರು ಮಾಡಿದವರಲ್ಲಿ ಅನೇಕರು ಬೆಂಗಳೂರಿನ ಜೆರೋಧಾದಲ್ಲೇ ಖಾತೆ ತೆರೆದಿದ್ದಾರೆ. ಆ ಕಂಪನಿಯ ಹೆಸರು ‘ಜೆರೋಧಾ ಬ್ರೋಕಿಂಗ್ ಲಿಮಿಟೆಡ್’. ಪ್ರೈವೇಟ್ ಅನ್ನೋ ಪದ ಇಲ್ಲ, ಅಂದ್ರೆ ಅದು ಪಬ್ಲಿಕ್ ಕಂಪನಿ. ಹಾಗಂತ ಅದರ ಶೇರು ಮಾರ್ಕೆಟ್ಟಿನಲ್ಲಿ ಸಿಗೋದಿಲ್ಲ. ಪಬ್ಲಿಕ್ ಆಗೋದು ಒಂದು ಹೆಜ್ಜೆ, ಮಾರ್ಕೆಟ್ಟಿನಲ್ಲಿ ಲಿಸ್ಟ್ ಆಗೋದು ಇನ್ನೊಂದು ಹೆಜ್ಜೆ. ಮೂರನೆಯ ಉತ್ತರಕ್ಕೆ ಫ್ಲಿಪ್‌ಕಾರ್ಟ್ ನೋಡಿ. ‘ಫ್ಲಿಪ್‌ಕಾರ್ಟ್ ಇಂಟರ್‌ನೆಟ್ ಪ್ರೈವೇಟ್ ಲಿಮಿಟೆಡ್’ ಯಾವ ಅಳತೆಗೂ ಸಣ್ಣ ಕಂಪನಿ ಅಲ್ಲ.

ಹಾಗಾದ್ರೆ ನಿಜವಾದ ವ್ಯತ್ಯಾಸ ಎಲ್ಲಿದೆ? ನಾವು ಒಂದೇ ಮಾತಲ್ಲಿ ಹೇಳೋದಾದ್ರೆ, ಬಾಗಿಲಲ್ಲಿದೆ. ಮಾಲೀಕರ ಸಾಲಿಗೆ ಯಾರು ಬರಬಹುದು ಅನ್ನೋದನ್ನ ಒಳಗಿರೋರು ನಿರ್ಧರಿಸಬಹುದಾದ ಕಂಪನಿ ಪ್ರೈವೇಟ್. ಹಾಗೆ ತಡೆಯೋಕೆ ಆಗದ ಕಂಪನಿ ಪಬ್ಲಿಕ್.

2013ರ ಕಂಪನಿ ಕಾಯ್ದೆ ಇದನ್ನೇ ಮೂರು ಷರತ್ತುಗಳಲ್ಲಿ ಹೇಳುತ್ತೆ. ಪ್ರೈವೇಟ್ ಕಂಪನಿ ತನ್ನ ‘ಆರ್ಟಿಕಲ್ಸ್’ನಲ್ಲಿ, ಅಂದ್ರೆ ಕಂಪನಿಯ ಒಳನಿಯಮಗಳ ಪುಸ್ತಕದಲ್ಲಿ, ಈ ಮೂರನ್ನೂ ಬರೆದುಕೊಂಡಿರಬೇಕು. ಒಂದು, ಶೇರನ್ನ ಇನ್ನೊಬ್ಬರಿಗೆ ವರ್ಗಾಯಿಸುವ ಹಕ್ಕಿಗೆ ಮಿತಿ. ಎರಡು, ಶೇರುದಾರರ ಸಂಖ್ಯೆ 200 ದಾಟಬಾರದು. ಕಂಪನಿಯ ಕೆಲಸಗಾರರಾಗಿ ಶೇರು ಪಡೆದವರು ಈ ಲೆಕ್ಕಕ್ಕೆ ಬರೋದಿಲ್ಲ. ಮೂರು, ನಮ್ಮ ಶೇರು ಕೊಳ್ಳಿ ಅಂತ ಸಾರ್ವಜನಿಕರನ್ನ ಕರೆಯುವಂತಿಲ್ಲ. ಈ ಮೂರೂ ಇದ್ರೆ ಪ್ರೈವೇಟ್, ಇಲ್ಲದಿದ್ರೆ ಪಬ್ಲಿಕ್. ಪಬ್ಲಿಕ್ ಕಂಪನಿಯ ಶೇರು ಮುಕ್ತವಾಗಿ ಕೈ ಬದಲಾಯಿಸಬಹುದು ಅಂತ ಕಾನೂನೇ ಹೇಳುತ್ತೆ.

ಇದರ ಜೊತೆಗೆ ತಲೆ ಲೆಕ್ಕವೂ ಇದೆ. ಪ್ರೈವೇಟ್ ಕಂಪನಿ ಕಟ್ಟೋಕೆ ಇಬ್ಬರು ಶೇರುದಾರರು, ಇಬ್ಬರು ಡೈರೆಕ್ಟರ್‌ಗಳು ಸಾಕು; ಆ ಇಬ್ಬರೇ ಈ ಇಬ್ಬರೂ ಆಗಬಹುದು. ಪಬ್ಲಿಕ್‌ಗೆ ಕನಿಷ್ಠ ಏಳು ಶೇರುದಾರರು, ಮೂರು ಡೈರೆಕ್ಟರ್‌ಗಳು ಬೇಕು. ಹಿಂದೆ ಪ್ರೈವೇಟ್‌ಗೆ ಕನಿಷ್ಠ 1 ಲಕ್ಷ, ಪಬ್ಲಿಕ್‌ಗೆ 5 ಲಕ್ಷ ರೂಪಾಯಿ ಬಂಡವಾಳ ಇರಬೇಕು ಅನ್ನೋ ನಿಯಮ ಇತ್ತು. 2015ರ ತಿದ್ದುಪಡಿಯಲ್ಲಿ ಎರಡನ್ನೂ ತೆಗೆದುಹಾಕಿದ್ರು. ಹಾಗಾಗಿ ‘ಪ್ರೈವೇಟ್ ಮಾಡೋದು ದುಡ್ಡು ಕಡಿಮೆ ಸಾಕು ಅಂತ’ ಅನ್ನೋ ಹಳೇ ಮಾತಿಗೆ ಈಗ ಅರ್ಥ ಇಲ್ಲ.

ಏಳು ಜನ ಸಿಗಲ್ಲ ಅನ್ನೋದು ಸಣ್ಣ ಸ್ಥಾಪಕರು ಪ್ರೈವೇಟ್ ಆರಿಸಿಕೊಳ್ಳೋದಕ್ಕೆ ಎಲ್ಲರೂ ಕೊಡೋ ಕಾರಣ. ಅದು ನಿಜವಾದ ಕಾರಣ ಅಲ್ಲ ಅಂತ ನಮ್ಮ ಅನಿಸಿಕೆ. ಇನ್ಫೋಸಿಸ್ ಕಟ್ಟಿದವರು ಎಷ್ಟು ಜನ ಅಂತ ಕೇಳಿದ್ರೆ ಎಲ್ಲರೂ ಹೇಳ್ತಾರೆ, ಏಳು. 1981ರಲ್ಲಿ ಪುಣೆಯಲ್ಲಿ ಶುರುವಾದಾಗ ಅದರ ಹೆಸರು ‘ಇನ್ಫೋಸಿಸ್ ಕನ್ಸಲ್ಟೆಂಟ್ಸ್ ಪ್ರೈವೇಟ್ ಲಿಮಿಟೆಡ್’. ಸ್ಥಾಪಕರೇ ಏಳು ಜನ ಇದ್ದೂ ಅವರು ಪ್ರೈವೇಟ್ ಆದ್ರು. 1983ರಲ್ಲಿ ಬೆಂಗಳೂರಿಗೆ ಬಂದ್ರು. ಪಬ್ಲಿಕ್ ಕಂಪನಿ ಆಗಿದ್ದು 1992ರಲ್ಲಿ, ಜನರಿಗೆ ಶೇರು ಮಾರಿದ್ದು 1993ರ ಫೆಬ್ರವರಿಯಲ್ಲಿ, ಒಂದು ಶೇರಿಗೆ 95 ರೂಪಾಯಿಯಂತೆ. ಆಗಲೂ ಪೂರ್ತಿ ಮಾರಾಟವಾಗಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಅನ್ನೋ ಅಮೆರಿಕದ ಸಂಸ್ಥೆ ಶೇಕಡಾ 13ರಷ್ಟನ್ನ ಅದೇ ಬೆಲೆಗೆ ತಗೊಂಡಿತು. ಹನ್ನೊಂದು ವರ್ಷ ಬಾಗಿಲು ಹಾಕ್ಕೊಂಡು ಕೆಲಸ ಮಾಡಿ, ಹೊರಗಿನವರ ದುಡ್ಡು ಬೇಕಾದಾಗ ಬಾಗಿಲು ತೆಗೆದ್ರು ಅಂತ ಇದನ್ನ ಓದಬಹುದು.

ಹಾಗಾದ್ರೆ ಆ ಬಾಗಿಲು ಸ್ಥಾಪಕರಿಗೆ ಕೊಡೋದೇನು? ನಾವು ಮೂರನ್ನ ಮಾತ್ರ ಎತ್ತಿಕೊಳ್ತೀವಿ.

ಮೊದಲನೆಯದು, ಗೊತ್ತಿಲ್ಲದ ಪಾಲುದಾರ ಬರದಂತೆ ನೋಡಿಕೊಳ್ಳೋದು. ಮೂರು ಜನರ ಕಂಪನಿಯಲ್ಲಿ ಒಬ್ಬರು ತಮ್ಮ ಶೇರನ್ನ ನಿಮ್ಮ ಎದುರಾಳಿಗೇ ಮಾರಿದ್ರೆ ಏನು ಗತಿ? ನಿಮ್ಮ ಸಭೆಯ ನೋಟಿಸ್ ಆ ಎದುರಾಳಿಗೂ ಹೋಗಬೇಕು, ವರ್ಷದ ಲೆಕ್ಕ ಅವರಿಗೂ ಕೊಡಬೇಕು, ಅವರು ಬಂದು ವೋಟನ್ನೂ ಹಾಕಬಹುದು. ದೊಡ್ಡ ಪಬ್ಲಿಕ್ ಕಂಪನಿಯಲ್ಲಿ ಲಕ್ಷ ಜನರಲ್ಲಿ ಒಬ್ಬ ಹೊಸಬ ಬಂದ್ರೆ ಯಾರಿಗೂ ಗೊತ್ತೂ ಆಗೋದಿಲ್ಲ. ಮೂವರಲ್ಲಿ ಒಬ್ಬ ಬದಲಾದ್ರೆ ಕಂಪನಿಯೇ ಬದಲಾದ ಹಾಗೆ.

ಎರಡನೆಯದು ಕುರ್ಚಿ. ಪಬ್ಲಿಕ್ ಕಂಪನಿಯಲ್ಲಿ ಸಾಮಾನ್ಯವಾಗಿ ಡೈರೆಕ್ಟರ್‌ಗಳ ಪೈಕಿ ಮೂರನೇ ಎರಡು ಭಾಗ ಸರದಿಯ ಮೇಲೆ ನಿವೃತ್ತರಾಗಬೇಕಾದವರು. ಅವರಲ್ಲಿ ಮೂರನೇ ಒಂದು ಭಾಗ ಪ್ರತಿವರ್ಷ ಕುರ್ಚಿ ಬಿಟ್ಟು ಮತ್ತೆ ಆಯ್ಕೆಯಾಗಿ ಬರಬೇಕು. ಮೂರು ಡೈರೆಕ್ಟರ್‌ಗಳಿದ್ರೆ ಇಬ್ಬರು ಸರದಿಗೆ ಬರ್ತಾರೆ, ವರ್ಷಕ್ಕೊಬ್ಬರು ಎದ್ದು ನಿಲ್ಲಬೇಕು. ಪ್ರೈವೇಟ್ ಕಂಪನಿಗೆ ಈ ಸರದಿಯೇ ಇಲ್ಲ. ಡೈರೆಕ್ಟರ್‌ಗಳ ಸಂಬಳಕ್ಕೆ ಲಾಭದ ಶೇಕಡಾವಾರು ಮಿತಿ ಹಾಕೋ ನಿಯಮವೂ ಪಬ್ಲಿಕ್ ಕಂಪನಿಗೆ ಮಾತ್ರ. ಕಾನೂನು ಹೇಳೋ ‘ಸಣ್ಣ ಕಂಪನಿ’ ಅನ್ನೋ ವರ್ಗಕ್ಕೆ ಸೇರಿದ್ರೆ ಬೋರ್ಡ್ ಮೀಟಿಂಗು ವರ್ಷಕ್ಕೆ ನಾಲ್ಕರ ಬದಲು ಎರಡು ಸಾಕು. ಆ ವರ್ಗಕ್ಕೆ ಪಬ್ಲಿಕ್ ಕಂಪನಿ ಎಷ್ಟೇ ಚಿಕ್ಕದಿದ್ರೂ ಸೇರೋಕಾಗಲ್ಲ. ಒಟ್ಟಿನಲ್ಲಿ ಕಾನೂನಿನ ಲೆಕ್ಕಾಚಾರ ನೇರವಾಗಿದೆ. ಪರಿಚಯ ಇಲ್ಲದ ಜನರ ದುಡ್ಡು ಎಲ್ಲಿ ಬರಬಹುದೋ ಅಲ್ಲಿ ಕಾವಲು ಜಾಸ್ತಿ. ಒಬ್ಬರನ್ನೊಬ್ಬರು ಬಲ್ಲವರೇ ಇರೋ ಕಡೆ ಕಾವಲು ಕಡಿಮೆ, ನಿಮ್ಮನ್ನ ನೀವೇ ನೋಡ್ಕೊಳ್ಳಿ ಅನ್ನೋ ಧೋರಣೆ. ಈ ಕೊನೆಯ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರನೆಯದು, ನಮ್ಮ ಪ್ರಕಾರ ಎಂಜಿನಿಯರ್‌ಗಳಿಗೆ ಬೇಗ ಅರ್ಥವಾಗೋ ಕಾರಣ. ಪ್ರೈವೇಟ್‌ನಿಂದ ಪಬ್ಲಿಕ್‌ಗೆ ಹೋಗೋದು ಸುಲಭ, ವಾಪಸ್ ಬರೋದು ಕಷ್ಟ. ಹೋಗೋಕೆ ಶೇರುದಾರರ ವಿಶೇಷ ನಿರ್ಣಯ ಮಾಡಿ, ಆರ್ಟಿಕಲ್ಸ್‌ನಿಂದ ಆ ಮೂರು ಷರತ್ತು ತೆಗೆದು, ತಲೆ ಲೆಕ್ಕ ಸರಿಮಾಡಿಕೊಂಡು, ಕಂಪನಿ ರಿಜಿಸ್ಟ್ರಾರ್‌ಗೆ ಅರ್ಜಿ ಹಾಕಬೇಕು. ವಾಪಸ್ ಬರಬೇಕಾದ್ರೆ ಇದರ ಮೇಲೆ ಪತ್ರಿಕೆಯಲ್ಲಿ ಜಾಹೀರಾತು, ಸಾಲ ಕೊಟ್ಟವರಿಗೆ ನೋಟಿಸ್, ಕೇಂದ್ರ ಸರ್ಕಾರದ ಪರವಾಗಿ ರೀಜನಲ್ ಡೈರೆಕ್ಟರ್ ಕೊಡೋ ಅನುಮತಿ, ಎಲ್ಲಾ ಬೇಕು. ಮುಂದೆ ಏನು ಬೇಕಾಗುತ್ತೋ ಗೊತ್ತಿಲ್ಲದಾಗ, ಬದಲಾಯಿಸೋಕೆ ಸುಲಭವಾದ ಆಯ್ಕೆಯಿಂದ ಶುರು ಮಾಡೋದು ಜಾಣತನ.

ಏಳು ಜನರ ಲೆಕ್ಕದಲ್ಲೂ ಒಂದು ಅಪಾಯ ಅಡಗಿದೆ. ಅಪ್ಪ, ಅಮ್ಮ, ಚಿಕ್ಕಪ್ಪ, ಸೋದರಮಾವ ಅಂತ ಹೆಸರು ಕೂಡಿಸಿ ಪಬ್ಲಿಕ್ ಕಂಪನಿ ಮಾಡಿದಿರಿ ಅಂದ್ಕೊಳ್ಳಿ. ಒಬ್ಬರು ಬಿಟ್ಟುಹೋಗಿ ಆರೇ ಜನ ಉಳಿದು, ಹಾಗೇ ಆರು ತಿಂಗಳಿಗಿಂತ ಹೆಚ್ಚು ವ್ಯವಹಾರ ನಡೆದ್ರೆ, ಆಮೇಲಿನ ಸಾಲಕ್ಕೆ ವಿಷಯ ಗೊತ್ತಿದ್ದ ಶೇರುದಾರರೇ ಸ್ವಂತ ಜೇಬಿನಿಂದ ಹೊಣೆ. ‘ಲಿಮಿಟೆಡ್’ ಅನ್ನೋ ರಕ್ಷಣೆಗೋಸ್ಕರ ಕಂಪನಿ ಮಾಡಿ, ಅದೇ ರಕ್ಷಣೆ ಕಳ್ಕೊಳ್ಳೋದು ಅಂದ್ರೆ ಇದೇ. ಪ್ರೈವೇಟ್ ಕಂಪನಿಗೂ ಇದೇ ನಿಯಮ ಇದೆ, ಆದರೆ ಅಲ್ಲಿ ಕಾಯ್ಕೋಬೇಕಾದ ಸಂಖ್ಯೆ ಎರಡು.

ಇಷ್ಟೆಲ್ಲಾ ಅನುಕೂಲಕ್ಕೆ ಬೆಲೆಯೂ ಇದೆ. ಬಾಗಿಲು ಹಾಕ್ಕೊಂಡವರು ಬೀದಿಗೆ ಬಂದು ದುಡ್ಡು ಕೇಳುವಂತಿಲ್ಲ. ‘ನಮ್ಮ ಸ್ಟಾರ್ಟಪ್‌ನಲ್ಲಿ ತಲಾ 5,000 ಹಾಕಿ, ಶೇರು ಕೊಡ್ತೀವಿ’ ಅಂತ ನಾಲ್ಕುನೂರು ಹಳೆ ವಿದ್ಯಾರ್ಥಿಗಳಿರೋ ವಾಟ್ಸಾಪ್ ಗುಂಪಿಗೆ ಹಾಕಿದ್ರೆ, ಅದು ಉತ್ಸಾಹದ ಮೆಸೇಜ್ ಆಗಿ ಉಳಿಯಲ್ಲ, ಕಾನೂನು ಉಲ್ಲಂಘನೆ ಆಗೋ ಸಾಧ್ಯತೆ ಇದೆ. ಪ್ರೈವೇಟ್ ಕಂಪನಿ ಹೊಸ ಶೇರನ್ನ ಹೊರಗಿನವರಿಗೆ ಕೊಡಬೇಕಾದ್ರೆ, ಮೊದಲೇ ಗುರುತಿಸಿದ ವ್ಯಕ್ತಿಗಳಿಗೆ ಹೆಸರು ಹಾಕಿದ ಪತ್ರದ ಮೂಲಕ ಕೊಡಬೇಕು. ಜಾಹೀರಾತು ಕೂಡದು. ಒಂದು ಹಣಕಾಸು ವರ್ಷದಲ್ಲಿ ಸಾಮಾನ್ಯವಾಗಿ 200 ಜನರ ಮೇಲೆ ಕೇಳುವಂತಿಲ್ಲ. ದುಡ್ಡು ಬ್ಯಾಂಕಿನ ಮೂಲಕವೇ ಬರಬೇಕು, 60 ದಿನದೊಳಗೆ ಶೇರು ಕೊಡಬೇಕು, ಕೊಟ್ಟ ವಿವರ ರಿಜಿಸ್ಟ್ರಾರ್‌ಗೆ ಸಲ್ಲಿಸೋವರೆಗೆ ಆ ದುಡ್ಡು ಮುಟ್ಟುವಂತಿಲ್ಲ.

ಇಲ್ಲಿ ಹೆಸರು ನೋಡಲ್ಲ, ಕೆಲಸ ನೋಡ್ತಾರೆ ಅನ್ನೋದಕ್ಕೆ ದೊಡ್ಡ ಉದಾಹರಣೆ ಸಹಾರಾ ಪ್ರಕರಣ. ಆ ಗುಂಪಿನ ಎರಡು ಕಂಪನಿಗಳು ಲಿಸ್ಟ್ ಆಗದ ಪಬ್ಲಿಕ್ ಕಂಪನಿಗಳು. ಕೋಟ್ಯಂತರ ಜನರಿಂದ ದುಡ್ಡು ಎತ್ತಿ, ಇದು ನಮ್ಮ ಬಳಗದವರಿಗೆ ಮಾತ್ರ ಕೊಟ್ಟಿದ್ದು, ಖಾಸಗಿ ವ್ಯವಹಾರ ಅಂತ ವಾದಿಸಿದವು. ಆಗಿನ ಕಾನೂನಿನಲ್ಲಿ 50 ಅಥವಾ ಹೆಚ್ಚು ಜನರನ್ನ ಕರೆದ್ರೆ ಅದು ಸಾರ್ವಜನಿಕ ಕರೆ. 2012ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿ, ಸುಮಾರು 24,000 ಕೋಟಿ ರೂಪಾಯಿಯನ್ನ ಶೇಕಡಾ 15ರ ಬಡ್ಡಿ ಸಮೇತ ವಾಪಸ್ ಕೊಡಿ ಅಂತ ಆದೇಶಿಸಿತು.

ಬೆಲೆಯ ಇನ್ನೊಂದು ಮುಖ, ಸ್ವಂತ ಕಂಪನಿ ಕಟ್ಟದವರಿಗೂ ಸಂಬಂಧಪಟ್ಟಿದ್ದು. ಆಫರ್ ಲೆಟರ್‌ನಲ್ಲಿ ಸಂಬಳದ ಜೊತೆ ಇಷ್ಟು ಲಕ್ಷದ ಇಸಾಪ್, ಅಂದ್ರೆ ಮುಂದೆ ಶೇರು ಪಡೆಯೋ ಹಕ್ಕು, ಅಂತ ಬರೆದಿರ್ತಾರೆ. ಕಂಪನಿ ಪ್ರೈವೇಟ್ ಆಗಿದ್ರೆ ಆ ಶೇರನ್ನ ಮೊಬೈಲ್ ತೆಗೆದು ಮಾರೋಕೆ ಮಾರ್ಕೆಟ್ ಇಲ್ಲ. ಕಂಪನಿಯೋ ಹೂಡಿಕೆದಾರರೋ ಕೊಳ್ಳಬೇಕು, ಇಲ್ಲಾಂದ್ರೆ ಕಂಪನಿ ಲಿಸ್ಟ್ ಆಗೋವರೆಗೆ ಕಾಯಬೇಕು. ಸ್ಥಾಪಕರಿಗೆ ರಕ್ಷಣೆ ಕೊಡೋ ಬಾಗಿಲೇ ನಿಮ್ಮ ಶೇರು ಹೊರಗೆ ಹೋಗದಂತೆ ತಡೆಯೋದೂ ಹೌದು.

ಇಷ್ಟಾದ ಮೇಲೂ ನಮ್ಮ ಕ್ಯಾಂಪಸ್‌ನ ಸ್ಟಾರ್ಟಪ್‌ಗಳು ಪ್ರೈವೇಟ್ ಆಗೋದೇ ಸರಿ ಅಂತ ನಮ್ಮ ಅಭಿಪ್ರಾಯ. ನಮ್ಮ ತಕರಾರು ಇರೋದು ಬೇರೆ ಕಡೆ. ‘ಪ್ರೈವೇಟ್ ಲಿಮಿಟೆಡ್’ ಅಂತ ಹೆಸರಿಟ್ಟ ತಕ್ಷಣ ಬಾಗಿಲಿಗೆ ಚಿಲಕ ತಾನಾಗಿಯೇ ಬಿತ್ತು ಅಂತ ನಾವೆಲ್ಲ ನಂಬಿಕೊಂಡಿದ್ದೀವಲ್ಲ, ಅದು ಅಪಾಯ. ಬಾಗಿಲು ಹಾಕೋ ಹಕ್ಕನ್ನ ಕಾನೂನು ಕೊಡುತ್ತೆ. ಚಿಲಕ ಮಾಡಿಸಿ ಹಾಕಬೇಕಾದವರು ನಾವು.

ಒಂದು ಲೆಕ್ಕ ಮಾಡಿ ನೋಡೋಣ. ಹೊಲದ ಪಂಪ್‌ಸೆಟ್ಟನ್ನ ಮೊಬೈಲ್‌ನಿಂದ ಆನ್, ಆಫ್ ಮಾಡೋ ಸಾಧನ ತಯಾರಿಸೋ ಮೂವರು ಕ್ಲಾಸ್‌ಮೇಟ್‌ಗಳನ್ನ ಊಹಿಸಿಕೊಳ್ಳಿ. ಒಬ್ಬಳು ಸರ್ಕ್ಯೂಟ್ ಮಾಡ್ತಾಳೆ, ಒಬ್ಬ ಆ್ಯಪ್ ಬರೀತಾನೆ, ಇನ್ನೊಬ್ಬ ಊರೂರು ಸುತ್ತಿ ಮಾರ್ತಾನೆ. ತಲಾ 10 ರೂಪಾಯಿಯ 10,000 ಶೇರು, ಒಟ್ಟು ಬಂಡವಾಳ 1 ಲಕ್ಷ. ಸರ್ಕ್ಯೂಟ್‌ನವಳಿಗೆ 4,000, ಉಳಿದಿಬ್ಬರಿಗೆ ತಲಾ 3,000. ಹದಿನಾಲ್ಕು ತಿಂಗಳಾದ ಮೇಲೆ ಆ್ಯಪ್ ಬರೀತಿದ್ದವನಿಗೆ ಒಳ್ಳೆ ಕೆಲಸ ಸಿಕ್ತು, ಹೊರಟುಹೋದ. ಶೇರು ಎಲ್ಲಿದೆ? ಅವನ ಹತ್ತಿರವೇ, 3,000ಕ್ಕೆ 3,000. ಕಂಪನಿ ಪ್ರೈವೇಟ್ ಅನ್ನೋ ಕಾರಣಕ್ಕೆ ಒಂದು ಶೇರೂ ವಾಪಸ್ ಬರೋದಿಲ್ಲ.

ಈಗ ಒಬ್ಬ ಹೂಡಿಕೆದಾರರು 20 ಲಕ್ಷ ಹಾಕ್ತೀನಿ ಅಂತಾರೆ. ಅವರಿಗೆ ಹೊಸ ಶೇರು ಕೊಡೋಕೆ ವಿಶೇಷ ನಿರ್ಣಯ ಬೇಕು. ವಿಶೇಷ ನಿರ್ಣಯ ಅಂದ್ರೆ, ಪರವಾಗಿ ಬಿದ್ದ ವೋಟು ವಿರುದ್ಧ ಬಿದ್ದ ವೋಟಿನ ಮೂರು ಪಟ್ಟಾದರೂ ಇರಬೇಕು. ಉಳಿದಿಬ್ಬರ ಕೈಲಿ ಶೇಕಡಾ 70 ಇದೆ. ಹೋದವನು ತನ್ನ 30ನ್ನ ವಿರುದ್ಧ ಹಾಕಿದ್ರೆ, ಪರವಾಗಿ 90 ಬೇಕಾಗುತ್ತೆ. ನಿರ್ಣಯ ಬಿದ್ದುಹೋಯ್ತು. ಅವನು ಸಭೆಗೆ ಬರದೇ ಇದ್ರೆ ಪಾಸಾಗುತ್ತೆ, ಯಾಕಂದ್ರೆ ಹಾಕಿದ ವೋಟು ಮಾತ್ರ ಲೆಕ್ಕ. ಅಂದ್ರೆ ಹಗಲು ರಾತ್ರಿ ದುಡೀತಿರೋ ಇಬ್ಬರ ಭವಿಷ್ಯ, ಬಿಟ್ಟುಹೋದವನ ಆ ದಿನದ ಮನಸ್ಸಿನ ಮೇಲೆ ನಿಂತಿದೆ. ಆರ್ಟಿಕಲ್ಸ್ ತಿದ್ದಿ ಈಗಲಾದ್ರೂ ಚಿಲಕ ಹಾಕೋಣ ಅಂದ್ರೆ ಅದಕ್ಕೂ ವಿಶೇಷ ನಿರ್ಣಯವೇ ಬೇಕು. ತಡವಾಗಿ ಎಚ್ಚೆತ್ತವರಿಗೆ ದಾರಿ ಅಲ್ಲೇ ಮುಚ್ಚಿಹೋಗಿರುತ್ತೆ.

ಅದೇ ಮೂವರು ಶುರುವಿನಲ್ಲೇ ‘ವೆಸ್ಟಿಂಗ್’ ಬರೆದುಕೊಂಡಿದ್ರೆ? ಅಂದ್ರೆ ಶೇರನ್ನ 48 ತಿಂಗಳು ಕೆಲಸ ಮಾಡಿ ಗಳಿಸಿಕೊಳ್ಳಬೇಕು, ಮೊದಲ 12 ತಿಂಗಳೊಳಗೆ ಬಿಟ್ರೆ ಏನೂ ಇಲ್ಲ, ಗಳಿಸದೇ ಉಳಿದಿದ್ದನ್ನ ಮುಖಬೆಲೆಗೆ ಉಳಿದವರಿಗೆ ಬಿಟ್ಟುಕೊಡಬೇಕು ಅನ್ನೋ ಒಪ್ಪಂದ. ಹದಿನಾಲ್ಕು ತಿಂಗಳಿಗೆ ಅವನು ಗಳಿಸಿದ್ದು 3,000ದ 48ರಲ್ಲಿ 14 ಭಾಗ, ಅಂದ್ರೆ 875 ಶೇರು. ಉಳಿದ 2,125 ಶೇರಿಗೆ 10 ರೂಪಾಯಿಯಂತೆ 21,250 ರೂಪಾಯಿ ಕೊಟ್ಟು ಇಬ್ಬರೂ ತಗೊಳ್ತಾರೆ. ಈಗ ಅವನದು ಶೇಕಡಾ 8.75, ಇವರಿಬ್ಬರದು 91.25. ಹೋದವನಿಗೆ ದುಡಿದಷ್ಟು ಉಳಿಯಿತು. ಇದ್ದವರಿಗೆ ನಿರ್ಧಾರ ಮಾಡೋ ಶಕ್ತಿ ಉಳಿಯಿತು. ಕಂಪನಿಯ ಬೆಲೆ ಏರಿದ ಮೇಲೆ ಮುಖಬೆಲೆಗೆ ಶೇರು ಪಡೆದವರಿಗೆ ತೆರಿಗೆಯ ಪ್ರಶ್ನೆ ಬರಬಹುದು, ಅದನ್ನ ಸಿಎ ಹತ್ತಿರ ಮೊದಲೇ ಕೇಳಿಕೊಳ್ಳಬೇಕು.

ಇದನ್ನ ಬರೆಯೋದು ಎಲ್ಲಿ? ಇಲ್ಲೇ ಬಹಳ ಜನ ಎಡವೋದು. ಮೂವರೂ ಕೂತು ಒಪ್ಪಂದ ಪತ್ರಕ್ಕೆ ಸಹಿ ಹಾಕಿ ಬೀರುವಿನಲ್ಲಿ ಇಟ್ಟರೆ ಸಾಲದು. ಈ ವಿಷಯಕ್ಕೆ ಕಾನೂನು ಓದೋರೆಲ್ಲ ಹೆಸರಿಸೋ ರಂಗರಾಜ್ ಪ್ರಕರಣ ಇದೆ. 1990ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು. ಅದೊಂದು ಕುಟುಂಬದ ಪ್ರೈವೇಟ್ ಕಂಪನಿ. ಎರಡು ಕವಲಿನ ಕೈಲೂ ಸಮನಾದ ಶೇರು ಇರಬೇಕು, ಮಾರೋದಾದ್ರೆ ಮೊದಲು ತಮ್ಮ ಕವಲಿನವರಿಗೇ ಕೊಡಬೇಕು ಅಂತ ಹಿರಿಯರ ಮಾತಾಗಿತ್ತು. ಮುಂದೆ ಒಬ್ಬರು ಆ ಮಾತು ಮೀರಿ ಇನ್ನೊಂದು ಕವಲಿನವರಿಗೆ ಮಾರಿದ್ರು. ಕೋರ್ಟ್ ಹೇಳಿದ್ದು ಇಷ್ಟು: ಶೇರು ವರ್ಗಾವಣೆಗೆ ಹಾಕಿದ ಮಿತಿ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ರೆ ಅದು ಕಂಪನಿಯನ್ನಾಗಲೀ ಶೇರುದಾರರನ್ನಾಗಲೀ ಕಟ್ಟಿಹಾಕೋದಿಲ್ಲ. ಕೊಟ್ಟ ಮಾತು ಇತ್ತು, ಪುಸ್ತಕದಲ್ಲಿ ಬರೆದಿರಲಿಲ್ಲ, ಮಾತು ಸೋತಿತು.

ಆರ್ಟಿಕಲ್ಸ್‌ನಲ್ಲಿ ಏನೋ ಒಂದು ಇರುತ್ತಲ್ಲ ಅಂತ ನೀವು ಕೇಳಬಹುದು. ಇರುತ್ತೆ. ಕಾಯ್ದೆಯ ಜೊತೆಗೆ ‘ಟೇಬಲ್ ಎಫ್’ ಅನ್ನೋ ಸಿದ್ಧ ಮಾದರಿ ಬರುತ್ತೆ. ಬಹುತೇಕ ಸಣ್ಣ ಕಂಪನಿಗಳು ಅದನ್ನೇ ಎತ್ತಿಕೊಂಡು, ಮೇಲೆ ಪ್ರೈವೇಟ್‌ನ ಮೂರು ಷರತ್ತು ಸೇರಿಸಿ ಸಲ್ಲಿಸ್ತವೆ. ಆ ಮಾದರಿಯ ಪ್ರಕಾರ ಬೋರ್ಡ್ ತಮಗೊಪ್ಪದ ವ್ಯಕ್ತಿಗೆ ಶೇರು ವರ್ಗಾಯಿಸೋದನ್ನ ನಿರಾಕರಿಸಬಹುದು. ಆದರೆ ಯಾವ ಶೇರಿಗೆ? ಇನ್ನೂ ಪೂರ್ತಿ ದುಡ್ಡು ಕಟ್ಟಿರದ ಶೇರಿಗೆ, ಅಥವಾ ಕಂಪನಿಗೆ ಬಾಕಿ ಇದ್ದು ಹಿಡಿತ ಇರೋ ಶೇರಿಗೆ. ಸ್ಥಾಪಕರು ಸಾಮಾನ್ಯವಾಗಿ ಮೊದಲ ದಿನವೇ ಪೂರ್ತಿ ದುಡ್ಡು ಕಟ್ಟಿರ್ತಾರೆ. ಅಲ್ಲಿಗೆ ಆ ಸಿದ್ಧ ಚಿಲಕ ನಿಮ್ಮ ಬಾಗಿಲಿಗೆ ಕೂರೋದೇ ಇಲ್ಲ. ‘ವರ್ಗಾವಣೆಗೆ ಮಿತಿ ಇದೆ’ ಅನ್ನೋ ಒಂದು ಸಾಲು ಇರುತ್ತೆ, ಹೇಗೆ, ಯಾರಿಗೆ, ಯಾವ ಬೆಲೆಗೆ ಅನ್ನೋದು ಇರೋದಿಲ್ಲ. ಜಗಳ ಬಂದಾಗ ಆ ಒಂದು ಸಾಲಿನ ಅರ್ಥ ಏನು ಅನ್ನೋದೇ ಜಗಳವಾಗುತ್ತೆ.

ಅದಕ್ಕೇ ನಮ್ಮ ಮಾತು ಇಷ್ಟು. ನಮ್ಮ ಕಾಲೇಜುಗಳ ಸ್ಟಾರ್ಟಪ್ ಕಾರ್ಯಾಗಾರಗಳಲ್ಲಿ ಪಿಚ್ ಮಾಡೋದು ಹೇಗೆ ಅಂತ ಎರಡು ದಿನ ಹೇಳಿಕೊಡ್ತಾರೆ. ಆರ್ಟಿಕಲ್ಸ್ ಓದೋದಕ್ಕೆ ಅರ್ಧ ದಿನ ಕೊಡಲಿ. ನೋಂದಣಿ ಮಾಡಿಸಿಕೊಡೋ ಸಿಎಸ್ ಹತ್ತಿರ (ನಮ್ಮ ಕಂಪ್ಯೂಟರ್ ಸೈನ್ಸ್ ಅಲ್ಲ, ಕಂಪನಿ ಸೆಕ್ರೆಟರಿ) ಸಹಿ ಹಾಕೋ ಮೊದಲು ಪ್ರತಿ ಕೇಳಿ, ಮೂರು ವಿಷಯ ಹುಡುಕಿ. ಶೇರು ಮಾರೋಕೆ ಹೊರಟವರು ಮೊದಲು ಉಳಿದ ಶೇರುದಾರರಿಗೆ ಕೇಳಬೇಕು ಅನ್ನೋ ಕಲಂ ಇದೆಯಾ, ಕೇಳಿದ ಮೇಲೆ ಎಷ್ಟು ದಿನ ಕಾಯಬೇಕು? ಬೆಲೆ ಯಾರು, ಹೇಗೆ ಲೆಕ್ಕ ಹಾಕ್ತಾರೆ? ಅರ್ಧಕ್ಕೆ ಬಿಟ್ಟುಹೋದವರ ಶೇರು ಏನಾಗುತ್ತೆ? ಮೂರಕ್ಕೂ ಉತ್ತರ ಸಿಗದಿದ್ರೆ ನಿಮ್ಮದು ಹೆಸರಿಗೆ ಮಾತ್ರ ಪ್ರೈವೇಟ್.

‘ಗೆಳೆಯರ ನಡುವೆ ಇದೆಲ್ಲಾ ಯಾಕೆ, ನಂಬಿಕೆ ಇಲ್ವಾ?’ ಅನ್ನೋ ಆಕ್ಷೇಪ ಬಂದೇ ಬರುತ್ತೆ. ನಂಬಿಕೆ ಇರೋದ್ರಿಂದಲೇ ಈಗ ಬರೆಯೋದು ಸುಲಭ. ಮೂವರಲ್ಲಿ ಯಾರು ಬಿಟ್ಟುಹೋಗ್ತಾರೆ ಅಂತ ಯಾರಿಗೂ ಗೊತ್ತಿಲ್ಲದ ದಿನ ಬರೆದ ನಿಯಮ ಮೂವರಿಗೂ ನ್ಯಾಯವಾಗಿರುತ್ತೆ. ಒಬ್ಬನ ಕೈಲಿ ಆಫರ್ ಲೆಟರ್ ಬಂದ ಮೇಲೆ ಬರೆಯೋಕೆ ಕೂತ್ರೆ, ಪ್ರತಿ ಸಾಲೂ ಒಬ್ಬರ ಪರ, ಇನ್ನೊಬ್ಬರ ವಿರುದ್ಧ ಆಗಿರುತ್ತೆ. ಪಬ್ಲಿಕ್ ಕಂಪನಿಯಲ್ಲಿ ಕಾನೂನು ಕಾವಲು ಕಾಯುತ್ತೆ. ಪ್ರೈವೇಟ್‌ನಲ್ಲಿ ಆ ಕೆಲಸದ ದೊಡ್ಡ ಪಾಲನ್ನ ನಮಗೇ ಬಿಟ್ಟಿದೆ. ಸಣ್ಣವರು ಪ್ರೈವೇಟ್ ಆರಿಸಿಕೊಳ್ಳೋದು ಆ ಸ್ವಾತಂತ್ರ್ಯಕ್ಕಾಗಿ. ಮೊದಲ ಬಿಲ್ ಕಳಿಸೋ ಮೊದಲೇ ಒಂದು ಸಂಜೆ ಕೂತು ಚಿಲಕ ಹಾಕಿ.